ಹನ್ನೊಂದು ಹತ್ತರ ಚೀಟಿಗಳು

ತರಬೇತಿ ನಡೆಸುವವನಿಗೆ ಒಂದು ಸ್ಕ್ರಿಪ್ಟ್ ಕೊಡುತ್ತಾರೆ. ಎಷ್ಟು ಗಂಟೆಗೆ ಯಾವ ಚಟುವಟಿಕೆ, ಎಷ್ಟು ನಿಮಿಷ, ಒಂದರಿಂದ ಇನ್ನೊಂದಕ್ಕೆ ದಾಟುವಾಗ ಯಾವ ಮಾತು, ಎಲ್ಲ ಅದರಲ್ಲಿ. ಸಿಂದಗಿಯಲ್ಲಿ ಅಂಗನವಾಡಿ ಕಾರ್ಯಕರ್ತೆಯರ ಮುಂದೆ ಅದನ್ನು ಹಿಡಿದು ನಾನು ಮೊದಲ ಸಲ ಒಬ್ಬನೇ ನಿಂತಿದ್ದೆ. ಹಿಂದಿನ ಕುರ್ಚಿಯಲ್ಲಿ ನಮ್ಮ ಸಂಸ್ಥೆಯ ಮೇಡಂ. ಈ ದಿನ ಗೆದ್ದರೆ ಇಂಡಿ, ಮುದ್ದೇಬಿಹಾಳದ ತರಬೇತಿಗಳೂ ನನಗೆ. ಸೋತರೆ ಮತ್ತೆ ಕುರ್ಚಿ ಜೋಡಿಸುವ ಕೆಲಸ. ಅವರ ಪೆನ್ನು ಅಲುಗಿದಾಗಲೆಲ್ಲ ನನ್ನ ಮೇಲೇ ದೂರು ಬರೆಯುತ್ತಿದ್ದಾರೆ ಅನ್ನಿಸುತ್ತಿತ್ತು.

ಸ್ಕ್ರಿಪ್ಟಿನಲ್ಲಿ ಹೀಗಿತ್ತು: ‘11.10ರಿಂದ 11.20: ಕೇಂದ್ರದ ಒಂದು ತೊಂದರೆಯನ್ನು ಹೆಸರು ಹಾಕದೆ ಚೀಟಿಯಲ್ಲಿ ಬರೆಸಿ. 11.20ರಿಂದ 11.40: ಒಂದೇ ತರಹದ ಚೀಟಿಗಳನ್ನು ಒಟ್ಟಿಗೆ ಗೋಡೆಗೆ ಅಂಟಿಸಿ. ಬಳಿಕ ಹೇಳಿ: ತೊಂದರೆ ನೋಡಿದೆವು, ಈಗ ದಾರಿ ಹುಡುಕೋಣ.’

ಬರೆಸಿಕೊಂಡು ಮೊದಲ ಚೀಟಿ ಬಿಚ್ಚಿದೆ. ‘ಯಾವ ತೊಂದರೆಯೂ ಇಲ್ಲ.’ ಎರಡನೆಯದೂ ಅದೇ. ಕೊನೆಯದೂ ಅದೇ. ಗೋಡೆಗೆ ಒಂದೇ ಗುಂಪು. ದಾರಿ ಹುಡುಕುವುದು ಯಾತಕ್ಕೆ? ಮೇಡಂ ಪೆನ್ನು ಅಲುಗಿತು.

“ಅಕ್ಕಾರ, ಒಬ್ಬರಿಗೂ ತೊಂದರಿ ಇಲ್ಲೇನ್ರಿ?”

ಕನ್ನೊಳ್ಳಿ ಕಡೆಯ ಹಿರಿಯ ಕಾರ್ಯಕರ್ತೆ ಎದ್ದರು. “ಹೆಸರಿಲ್ಲಂದ್ರ ಏನಾತೋ ತಮ್ಮಾ? ದಿನಾ ರಜಿಸ್ಟರ್ ಬರೀತೇವಿ. ಮ್ಯಾಲಿನವ್ರಿಗೆ ನಮ್ಮ ಮಾರಿಗಿಂತ ನಮ್ಮ ಅಕ್ಷರದ ಗುರ್ತು ಜಾಸ್ತಿ. ಈ ಚೀಟಿ ಎಲ್ಲಿಗೆ ಹೊಕ್ಕಾವ, ಅದನ್ ಹೇಳು ಮೊದಲ.”

ಸ್ಕ್ರಿಪ್ಟ್ ತಿರುವಿ ನೋಡಿದೆ. ಅದರಲ್ಲಿ ಚೀಟಿಗಳು ಗೋಡೆಯವರೆಗೆ ಮಾತ್ರ ಹೋಗುತ್ತಿದ್ದವು.

ಬಿಗಿ ಸಡಿಲಿಸಲು ನನಗೆ ಬರುವುದು ಅಣಕ ಒಂದೇ. ಬೆಳಿಗ್ಗೆ ಬೆವರುತ್ತ “ಆತ್ಮೀಯ ಸಹೋದರಿಯರೇ” ಎಂದಿದ್ದ ನನ್ನನ್ನೇ ಅಣಕಿಸಿದೆ, ದನಿ ಒಡೆದ ಜಾಗವನ್ನೂ ಬಿಡದೆ. ಹಿರಿಯಕ್ಕ ನಗು ತಡೆಯಲು ಸೆರಗು ಬಾಯಿಗೆ ಹಿಡಿದರು. ಚೀಟಿಗಳನ್ನೆಲ್ಲ ಅಕ್ಕಂದಿರಿಗೇ ತಿರುಗಿ ಕೊಟ್ಟೆ.

“ನಾಕ್ನಾಕು ಮಂದಿ ಕೂಡಿ ಮಾತಾಡ್ರಿ. ಗುಂಪಿನ ಪರವಾಗಿ ಒಬ್ಬರು ಹೇಳ್ರಿ. ಬರಿಯೋದು ನಾನು, ಅಕ್ಷರ ನಂದು.”

ಸ್ಕ್ರಿಪ್ಟಿನಲ್ಲಿ ಹನ್ನೆರಡು ಗಂಟೆಗಿದ್ದ ಬಲೂನಿನ ಆಟದಿಂದ ಹದಿನೈದು ನಿಮಿಷ ಕಿತ್ತುಕೊಂಡೆ. ಮೊದಲು ಪಿಸುಪಿಸು, ಆಮೇಲೆ ಸಂತೆ. ಮಗು ಇಳಿದ ಮೇಲೂ ಅರ್ಧ ಕಿಲೋ ತೋರಿಸುವ ತಕ್ಕಡಿ. ಒಡೆದೇ ಬರುವ ತತ್ತಿ. “ಕೂಸು ಎದುರಿಗೇ ಕುಂತಿರತೈತಿ, ಫೋನಿನ್ಯಾಗ ಹಾಜರಿ ಫೋಟೊ ಹೋಗಂಗಿಲ್ಲ, ಗೈರಂತ!” ಗೋಡೆಗೆ ಅಂಟಿಸಿದ ಚಾರ್ಟ್ ನನ್ನ ಅಕ್ಷರದಲ್ಲಿ ತುಂಬಿತು. ಅಲ್ಲಿಗೆ ಸ್ಕ್ರಿಪ್ಟಿನ ‘ದಾರಿ ಹುಡುಕೋಣ’ ಎಂಬ ಮಾತು ನನ್ನ ಬಾಯಲ್ಲಿ ಸುಳ್ಳಾಗಿ ಕೇಳಿಸಲಿಲ್ಲ.

ಊಟದ ಹೊತ್ತಿಗೆ ಮೇಡಂ ಬಂದರು. “ಆ ಚಾರ್ಟ್ ಎಲ್ಲಿ? ಆಫೀಸಿಗೆ ಕಳಿಸಬೇಕು.”

ಗೋಡೆ ಬೋಳಾಗಿತ್ತು. ಹಿರಿಯಕ್ಕನ ಚೀಲದಿಂದ ಸುರುಳಿ ಸುತ್ತಿದ ಕಾಗದ ಇಣುಕುತ್ತಿತ್ತು.

“ಅದರಾಗ ಈ ಹುಡುಗನ ಅಕ್ಷರ ಐತ್ರಿ ಮೇಡಂ,” ಎಂದರು ಆಕೆ, ರೊಟ್ಟಿ ಮುರಿಯುತ್ತ. “ಪಾಪ, ಅವಗ ತೊಂದರಿ ಆಗಬಾರದು.”

ಮೇಡಂ ನನ್ನನ್ನು ನೋಡಿದರು. ನಾನು ಪಲ್ಯ ನೋಡಿದೆ.

ವರದಿಯಲ್ಲಿ ಅವರು ಏನು ಬರೆದರೋ ಇಂದಿಗೂ ಗೊತ್ತಿಲ್ಲ. ವಾರದ ಮೇಲೆ ಇಂಡಿಯ ಸ್ಕ್ರಿಪ್ಟ್ ನನ್ನ ಕೈಗೇ ಬಂತು. ಹನ್ನೊಂದು ಹತ್ತರ ಚೀಟಿಗಳು ಹಾಗೆಯೇ ಇದ್ದವು. ಆ ಸಾಲನ್ನು ಹೊಡೆದು ಹಾಕಿ ಪಕ್ಕದಲ್ಲಿ ‘ಗುಂಪಿನಲ್ಲಿ ಮಾತು’ ಎಂದು ಬರೆದೆ. ಎಡಗೈಯಿಂದ.