ತೋರ್ಪೇಕೈ ಬರೆದ ಶಾಲೆಯ ನೋಟಿಸು

ತೋರ್ಪೇಕೈಗೆ ಕೋಪ ಬಂದರೆ ಮೊದಲು ಕನ್ನಡಕ ತೆಗೆಯುತ್ತಿದ್ದರು. ತೆಗೆದು, ಸೆರಗಿನಲ್ಲಿ ಒರೆಸಿ, ಮತ್ತೆ ಹಾಕಿಕೊಳ್ಳುವಷ್ಟರಲ್ಲಿ ಎದುರಿಗಿದ್ದವರ ಎದೆ ಅರ್ಧ ಒಣಗಿರುತ್ತಿತ್ತು. ಜಲಾಲಾಬಾದಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳಿದವರು. ಜರ್ಮನಿಯ ಈ ಹಾಗೆನ್ ಊರಿಗೆ ಬಂದ ಮೇಲೆ ಅವರಿಗೆ ಶಾಲೆಯೂ ಇರಲಿಲ್ಲ, ಪಾಠ ಹೇಳಲು ಮಕ್ಕಳೂ ಇರಲಿಲ್ಲ. ಉಳಿದದ್ದು ಕನ್ನಡಕ, ಒಂದು ಜೊಂಡಿನ ಲೇಖನಿ, ಮತ್ತೆ ನಾವೆಲ್ಲ ಕರೆಯುತ್ತಿದ್ದ ಮಾಲಿಮಾ, ಅಂದರೆ ಟೀಚರು, ಎಂಬ ಹೆಸರು.

ಅವರ ಮನೆ ನಮ್ಮ ಅಂಗಡಿಯ ಎದುರಿಗೇ. ನನ್ನ ಗಂಡ ಸಂಗೀನ್ ಒಳಗೆ ರೊಟ್ಟಿ ಸುಡುತ್ತಾನೆ, ನಾನು ಮುಂದೆ ಬೆಂಡೆಕಾಯಿ, ಏಲಕ್ಕಿ, ಹಸಿರು ಚಹಾ ಮಾರುತ್ತೇನೆ. ಮಾಲಿಮಾ ದಿನಕ್ಕೊಮ್ಮೆ ಬಂದು ರೊಟ್ಟಿ ಕೊಂಡು, ನಮ್ಮ ಭಾಷೆಯಲ್ಲಿ ಬರೆದ ನನ್ನ ಬೆಲೆಚೀಟಿಗಳ ಕಾಗುಣಿತ ತಿದ್ದಿ ಹೋಗುತ್ತಿದ್ದರು. ಗಿರಾಕಿಗಳ ಮುಂದೆಯೇ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಆದರೂ ಮರುದಿನ ಅವರು ಬರುವುದು ಸ್ವಲ್ಪ ತಡವಾದರೆ ನಾನೇ ಕಿಟಕಿಯ ಕಡೆ ನೋಡುತ್ತಿದ್ದೆ.

ಅವರು ಜಗಳವಾಡುತ್ತಿದ್ದದ್ದು ಅಕ್ಷರಗಳಿಗಾಗಿ. ನಮ್ಮ ಬರಹ ಅರಬ್ಬರದ್ದು, ಬಾಯಿ ಮಾತ್ರ ನಮ್ಮದು. ಟ, ಡ, ಣ ಎನ್ನುವ ಧ್ವನಿಗಳು ಅರಬ್ಬರ ಬಾಯಲ್ಲೇ ಇಲ್ಲ. ಅದಕ್ಕೆ ನಮ್ಮ ಹಿಂದಿನವರು ಅರಬ್ಬಿ ಅಕ್ಷರಗಳನ್ನೇ ತೆಗೆದುಕೊಂಡು ಕೆಳಗೆ ಒಂದು ಪುಟ್ಟ ಸುತ್ತು ಹಾಕಿ ನಮ್ಮವು ಮಾಡಿಕೊಂಡರು. ತ್ಸ ಅನ್ನಲು ಒಂದಕ್ಕೆ ನೆತ್ತಿಯ ಮೇಲೆ ಮೂರು ಚುಕ್ಕೆ ಇಟ್ಟರು. ಇನ್ನೊಂದಕ್ಕೆ ಮೇಲೊಂದು ಕೆಳಗೊಂದು ಚುಕ್ಕೆ. ಅದು ಮಾಲಿಮಾರ ಮುದ್ದಿನ ಅಕ್ಷರ. ನಾವು ಜಲಾಲಾಬಾದಿನ ಕಡೆಯ ನಂಗರ್‌ಹಾರದವರು ನಮ್ಮ ಭಾಷೆಯನ್ನು ಪಖ್ತೋ ಎನ್ನುತ್ತೇವೆ, ಕಂದಹಾರದವರು ಪಷ್ತೋ ಎನ್ನುತ್ತಾರೆ, ಬರೆಯುವಾಗ ಇಬ್ಬರೂ ಬರೆಯುವುದು ಅದೊಂದೇ ಅಕ್ಷರ. ಬಾಯಿ ಬೇರೆಯಾದರೂ ಕೈ ಒಂದೇ ಎಂದು ಅವರು ಮತ್ತೆ ಮತ್ತೆ ಹೇಳುತ್ತಿದ್ದರು. ನನಗೆ ಇದೆಲ್ಲ ಗೊತ್ತಾದದ್ದೇ ಅವರಿಂದ. ನಾನು ಪೇಶಾವರದ ನಿರಾಶ್ರಿತರ ಶಿಬಿರದಲ್ಲಿ ಬೆಳೆದವಳು. ಉರ್ದು ಅಷ್ಟಿಷ್ಟು ಓದಬಲ್ಲೆ, ಪಖ್ತೋ ಓದಲು ಕೂತರೆ ತಡವರಿಸುತ್ತೇನೆ.

ಒಂದು ದಿನ ಅವರ ಮೊಮ್ಮಗಳು ಹೀಲಾ ಶಾಲೆ ಮುಗಿಸಿಕೊಂಡು ನೇರ ಅಂಗಡಿಗೆ ಬಂದು ಫೋನು ತೋರಿಸಿದಳು. ಶಾಲೆಯ ಬಾಗಿಲಿಗೆ ಹಚ್ಚಿದ ನೋಟಿಸಿನ ಫೋಟೋ. ಮೇಲೆ ಜರ್ಮನ್, ಅದರ ಕೆಳಗೆ ಟರ್ಕಿಶ್, ಅರಬ್ಬಿ, ಉಕ್ರೇನಿನವರದ್ದು, ಎಲ್ಲಕ್ಕಿಂತ ಕೆಳಗೆ ನಮ್ಮದು. ನಮ್ಮದನ್ನು ಯಾವುದೋ ಯಂತ್ರದಿಂದ ಅನುವಾದ ಮಾಡಿಸಿ ಮುದ್ರಿಸಿದ್ದರು. ಆ ಕಂಪ್ಯೂಟರಿನಲ್ಲಿ ನಮ್ಮ ಹೆಚ್ಚುವರಿ ಅಕ್ಷರಗಳೇ ಇರಲಿಲ್ಲವೆಂದು ಕಾಣುತ್ತದೆ, ಅವು ಬರಬೇಕಾದಲ್ಲೆಲ್ಲ ಖಾಲಿ ಚೌಕ. ಅಕ್ಕಪಕ್ಕದ ಅಕ್ಷರಗಳು ಕೈ ಬಿಟ್ಟು ದೂರ ದೂರ ನಿಂತಿದ್ದವು.

ಮಾಲಿಮಾ ಕನ್ನಡಕ ತೆಗೆದರು. "ನಮ್ಮ ಭಾಷೇನ ಹಲ್ಲು ಉದುರಿಸಿ ಬಾಗಿಲಲ್ಲಿ ನಿಲ್ಲಿಸಿದಾರೆ," ಎಂದರು.

ನಮ್ಮ ಭಾಗವನ್ನು ತಾವೇ ಹೊಸದಾಗಿ ಬರೆಯುವುದೆಂದು ಆಮೇಲೆ ಜರ್ಮನ್ ಭಾಗ ಓದಿದರು. ನೋಟಿಸು ನಮ್ಮ ಭಾಷೆಯ ವಿಷಯದ್ದೇ ಆಗಿತ್ತು. ಮುಂದಿನ ವರ್ಷದಿಂದ ಮನೆಮಾತಿನ ತರಗತಿ ತೆರೆಯಬಹುದು, ಮಕ್ಕಳು ಪಖ್ತೋ ಓದುಬರಹ ಕಲಿಯಬಹುದು. ಆದರೆ ಹದಿನೈದು ಮಕ್ಕಳಾದರೂ ಹೆಸರು ಬರೆಸಿರಬೇಕು. ಅಷ್ಟಾದರೆ ಪಾಠ ಹೇಳಲು ಮಾಲಿಮಾರ ಹೆಸರನ್ನೇ ಮೇಲಿನವರಿಗೆ ಕಳುಹಿಸುತ್ತೇನೆಂದು ಹೆಡ್‌ಮಿಸ್ಟ್ರೆಸ್ ಹಿಂದೊಮ್ಮೆ ಹೇಳಿದ್ದರು. ಕಡೆಯ ಸಾಲಿನ ಮೇಲೆ ಪ್ಲಾಸ್ಟಿಕ್ಕಿನ ಹೊಳಪು ಬಿದ್ದು ಏನೂ ಕಾಣುತ್ತಿರಲಿಲ್ಲ. ದಿನಾಂಕ ಇರಬೇಕು, ಊಹಿಸಿ ಬರೆದುಬಿಡಿ ಎಂದೆ ನಾನು. ಅವರು ನನ್ನ ಕಡೆ ನೋಡಲೂ ಇಲ್ಲ, ಹೀಲಾಳನ್ನು ಮತ್ತೆ ಶಾಲೆಗೆ ಓಡಿಸಿದರು. ಎರಡನೆಯ ಫೋಟೋದಲ್ಲಿ ಆ ಸಾಲು ಸಿಕ್ಕಿತು: ಬರುವ ಗುರುವಾರದೊಳಗೆ ಚೀಟಿ ತುಂಬಿ ಕಚೇರಿಗೆ ಕೊಡಬೇಕು, ಹೆಸರು ಬರೆಸಿದ ಮಗು ವರ್ಷಪೂರ್ತಿ ಬರಲೇಬೇಕು.

ಅವರು ನನ್ನ ಗಲ್ಲಾದ ಪಕ್ಕದಲ್ಲೇ ಕೂತು ಬರೆದರು. ಫೋನಿನಲ್ಲಿ ಹೊಡೆಯಿರಿ, ನಮ್ಮ ಕೀಬೋರ್ಡನ್ನು ಹಾಕಿಕೊಡುತ್ತೇನೆ ಎಂದೆ. ಬೇಡವೆಂದರು. ಫೋನಿನಲ್ಲಿ ಸರಿಯಾಗಿ ಬಂದದ್ದು ಶಾಲೆಯ ಕಂಪ್ಯೂಟರಿಗೆ ಹೋದರೆ ಮತ್ತೆ ಚೌಕವಾಗುತ್ತದೆ, ಕೈಯಲ್ಲಿ ಬರೆದು ಫೋಟೋ ತೆಗೆದರೆ ಯಾವ ಯಂತ್ರವೂ ಅದರ ಹಲ್ಲು ಕೀಳಲಾರದು ಎಂದು ಅವರ ಲೆಕ್ಕ. ಲೆಕ್ಕ ತಪ್ಪೇನಲ್ಲ. ಬರೆಯುವ ಯಾವ ಹಾಳೆಗಾದರೂ ಮೊದಲು ಇಡುವಂತೆ ದೇವರ ಹೆಸರನ್ನು ನೆತ್ತಿಯಲ್ಲಿ ಬರೆದರು. ನೋಂದಣಿ ಎನ್ನುವುದಕ್ಕೆ ಅರಬ್ಬಿಯ ದೊಡ್ಡ ಮಾತು ಬಿಟ್ಟು, ಹೆಸರು ಬರೆಸುವುದು ಎಂಬ ನಮ್ಮದೇ ಮಾತು ಇಟ್ಟರು. ಒಂದೊಂದು ಸುತ್ತನ್ನೂ ಉಸಿರು ಹಿಡಿದು ಹಾಕಿದರು.

ವರ್ಷಪೂರ್ತಿ ಬರಲೇಬೇಕು ಎನ್ನುವ ಸಾಲು ಬಂದಾಗ ನಾನು ತಡೆದೆ. ಅದನ್ನು ಓದಿದರೆ ಜನ ಹೆದರಿ ಓಡಿಹೋಗುತ್ತಾರೆ, ಬಿಟ್ಟುಬಿಡಿ ಎಂದೆ.

"ವಜ್ಮಾ, ಅವ್ರು ಬರೆದಿದಾರೆ. ನಂಗೆ ಇಷ್ಟ ಆಗ್ಲಿಲ್ಲ ಅಂತ ನುಂಗೋಕೆ ನಾನ್ಯಾರೇ?"

"ಕ್ಲಾಸು ಹೋದ್ರೆ ನಿಮ್ದೇ ಹೋಗೋದು, ಮಾಲಿಮಾ."

"ಹೋಗ್ಲಿ. ಸುಳ್ಳು ಹೇಳಿ ತಂದ ಮಕ್ಕಳಿಗೆ ನಾನು ಏನು ಕಲಿಸ್ಲಿ?"

ಹೀಗೆ ಹೇಳಿದರೂ ಅವರ ಕಣ್ಣಲ್ಲಿ ಆಸೆ ಕುಣಿಯುತ್ತಿತ್ತು. ಹೀಲಾಗೆ ತನ್ನ ಅಜ್ಜಿ ಬರೆದ ಒಂದು ಸಾಲೂ ಓದಲು ಬರುತ್ತಿರಲಿಲ್ಲ. ಮನೆಯಲ್ಲಿ ಕಲಿಸಲು ಕೂತರೆ ಎದ್ದು ಓಡುತ್ತಿದ್ದಳು. ನಾಲ್ಕು ಮಕ್ಕಳ ಜೊತೆ ಬೆಂಚಿನ ಮೇಲೆ ಕೂತರೆ ಅವಳೂ ಕಲಿಯುತ್ತಾಳೆ ಎಂದು ನನಗೆ ಹೇಳಿ, ತಕ್ಷಣ ಬೆಂಡೆಕಾಯಿ ಬಲಿತಿದೆ ಎಂದು ಬೈದರು.

ಹಾಳೆ ಒಣಗಿದ ಮೇಲೆ ನೋಡಿದರೆ, ನಿಜ ಹೇಳುತ್ತೇನೆ, ಅಷ್ಟು ಚೆಂದದ ಬರಹವನ್ನು ನಾನು ಮಸೀದಿಯ ಗೋಡೆಯ ಮೇಲಷ್ಟೇ ನೋಡಿದ್ದು. ಮರುದಿನ ಬೆಳಿಗ್ಗೆ, ಶುಕ್ರವಾರ, ಅದರ ಫೋಟೋ ತೆಗೆದು ನಮ್ಮ ಹೆಂಗಸರ ವಾಟ್ಸಾಪ್ ಗುಂಪಿಗೆ ಹಾಕಿದೆ. ಆ ಗುಂಪು ನನ್ನದೇ, ಶಾಲೆಗೆ ಮಕ್ಕಳನ್ನು ಕಳುಹಿಸುವ ನಮ್ಮ ತಾಯಂದಿರೆಲ್ಲ ಅದರಲ್ಲಿದ್ದಾರೆ. ಸಾಮಾನ್ಯವಾಗಿ ನಾವು ಅಲ್ಲಿ ಬರೆಯುವುದಿಲ್ಲ, ಧ್ವನಿ ಕಳುಹಿಸುತ್ತೇವೆ. ಕೆಳಗೆ ನಾನೂ ಎರಡು ಮಾತು ಹೇಳಿ ಕಳುಹಿಸಲೇ ಎಂದು ಕೇಳಿದ್ದೆ. ಎಲ್ಲ ಹಾಳೆಯಲ್ಲೇ ಇದೆ, ನೀನು ಬಾಯಲ್ಲಿ ಹೇಳಿದರೆ ಯಾರು ತಾನೇ ಓದುತ್ತಾರೆ ಎಂದು ಮಾಲಿಮಾ ಬೇಡವೆಂದಿದ್ದರು.

ಉತ್ತರಗಳು ಮಳೆಯಂತೆ ಬಂದವು. ಹೂವು, ಹೃದಯ, ಮೇಲೆತ್ತಿದ ಕೈಗಳು. ಆಮೀನ್, ಆಮೀನ್, ಆಮೀನ್. ಕಂದಹಾರದ ಶಾಗುಲಾಗೆ ಮೂರು ಮಕ್ಕಳು. ಅವಳು ಅಳುವ ಮುಖದ ಜೊತೆ ಆಮೀನ್ ಕಳುಹಿಸಿದಳು. ಆಮೀನ್ ಅಂದರೆ ಹಾಗೇ ಆಗಲಿ ಎಂದು ತಾನೇ? ತರಗತಿ ಆಗಲಿ ಎಂದು ಹರಸುತ್ತಿದ್ದಾರೆ ಎಂದುಕೊಂಡೆ. ಮಾಲಿಮಾ ನನ್ನ ಫೋನು ಕಿತ್ತುಕೊಂಡು ಮೇಲಿಂದ ಕೆಳಗಿನವರೆಗೆ ಎಳೆದೆಳೆದು ನೋಡಿದರು. ಅಂದು ಅವರು ನನ್ನ ಒಂದು ಚೀಟಿಯನ್ನೂ ತಿದ್ದಲಿಲ್ಲ. ಸಂಗೀನನಿಗೆ ಹೇಳಿ ಎಳ್ಳು ಹಾಕಿದ ರೊಟ್ಟಿ ಮಾಡಿಸಿಕೊಂಡು ಹೋದರು. ಅಷ್ಟೊಂದು ಆಮೀನು ಬಂದ ಮೇಲೆ ಅಂಗಡಿಗೆ ಬಂದವರಿಗೆ ಮತ್ತೆ ಹೇಳಬೇಕೆಂದು ನನಗೆ ಹೊಳೆಯಲೇ ಇಲ್ಲ.

ಗುರುವಾರ ಕಳೆಯಿತು. ಮಾರನೆಯ ದಿನ ಮಾಲಿಮಾ ಒಳ್ಳೆಯ ಬಟ್ಟೆ ಉಟ್ಟು ಶಾಲೆಗೆ ಹೋದರು, ಬಂದು ಅಂಗಡಿಯ ಬಾಗಿಲಲ್ಲೇ ನಿಂತರು. ನಾಲ್ಕು ಮಕ್ಕಳು. ಹೀಲಾ, ನನ್ನ ಇಬ್ಬರು, ಇನ್ನೊಬ್ಬ ಹುಡುಗ. ಹೆಡ್‌ಮಿಸ್ಟ್ರೆಸ್ ಬಹಳ ಬೇಜಾರು ಮಾಡಿಕೊಂಡರಂತೆ. ತಾಯಂದಿರಿಗೆ ಆಸಕ್ತಿ ಇಲ್ಲವೆಂದು ಕಾಣುತ್ತದೆ ಎಂದರಂತೆ.

ನನಗೆ ರಕ್ತ ತಲೆಗೇರಿತು. ಆಮೀನ್ ಅಂದು ಮೋಸ ಮಾಡಿದವರನ್ನು ಮುಖಾಮುಖಿ ಕೇಳಿಯೇ ಬಿಡೋಣ ಎಂದು ಮಾಲಿಮಾರನ್ನು ಎಳೆದುಕೊಂಡು ಶಾಗುಲಾಳ ಮನೆಗೆ ಹೋದೆ. ಬಾಗಿಲು ತೆಗೆದದ್ದು ಅವಳ ಅತ್ತೆ ಬೀಬೋ. ಮುದುಕಿ ಮಾಲಿಮಾರನ್ನು ನೋಡಿದ್ದೇ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು, ಅಡುಗೆಮನೆಗೆ ಕರೆದೊಯ್ದಳು. ಒಲೆಯ ಮೇಲಿನ ಗೋಡೆಯಲ್ಲಿ, ಬಂಗಾರದ ಬಣ್ಣದ ಚೌಕಟ್ಟಿನೊಳಗೆ, ಮಾಲಿಮಾ ಬರೆದ ಶಾಲೆಯ ನೋಟಿಸು, ಫೋನಿನಿಂದ ಮುದ್ರಿಸಿದ್ದು, ತೂಗುತ್ತಿತ್ತು.

ಚಿಕ್ಕಂದಿನಲ್ಲಿ ಕುರಾನಿನ ಅಕ್ಷರ ಕಲಿತವಳು ಬೀಬೋ. ದೇವರ ಹೆಸರಿನ ಸಾಲನ್ನು ಅವಳು ಗುರುತಿಸಿದ್ದಳು. ಅದರ ಕೆಳಗಿನದ್ದರಲ್ಲಿ ಅಲ್ಲೊಂದು ಇಲ್ಲೊಂದು ಅಕ್ಷರ ಗೊತ್ತಾಗಿ, ಸುತ್ತು ಇದ್ದಲ್ಲೆಲ್ಲ ನಿಂತುಹೋಗಿದ್ದಳು. ಕುರಾನಿನಲ್ಲೂ ಚಿಕ್ಕ ಚಿಕ್ಕ ಸುತ್ತು, ಗುರುತುಗಳು ಇರುತ್ತವಲ್ಲ, ಇದು ಅಂಥದ್ದೇ, ಬಹಳ ಶಕ್ತಿಯ ಪ್ರಾರ್ಥನೆ ಎಂದು ಸೊಸೆಗೆ ಹೇಳಿದ್ದಳು. ಸೊಸೆಗೆ ಅದೂ ಬಾರದು. ಎಲ್ಲರೂ ಪ್ರಾರ್ಥನೆ ಕಳುಹಿಸುವ ಶುಕ್ರವಾರದ ದಿನ ಬಂದದ್ದು ಬೇರೆ. ಗುಂಪಿನಲ್ಲಿ ಉಳಿದವರೂ ಹೀಗೇ ತಿಳಿದಿರಬೇಕು. ಫೋನು ನೋಡಿ ಅವರೆಲ್ಲ ಅಂಗೈ ಬಿಡಿಸಿ ಬೇಡಿಕೊಂಡಿದ್ದರು, ಆಮೇಲೆ ಮುಖ ಸವರಿಕೊಂಡಿದ್ದರು.

ಬೈಯಲು ಬಂದವಳು ನಾನು. ಬೈಯುವುದು ಯಾರನ್ನು? ಅದನ್ನು ಓದಬಲ್ಲ ತಾಯಂದಿರಿದ್ದರೆ ಆ ತರಗತಿಯೇ ಅಷ್ಟು ಬೇಕಾಗುತ್ತಿರಲಿಲ್ಲ.

"ಇದು ಯಾವುದಕ್ಕೆ ಒಳ್ಳೇದು ತಾಯಿ?" ಬೀಬೋ ಕೇಳಿದಳು. "ನಾನು ಮಂಡಿ ನೋವಿಗೆ ಅಂತ ದಿನಾ ನೋಡ್ಕೋತಿದೀನಿ."

ಮಾಲಿಮಾ ಕನ್ನಡಕ ತೆಗೆದರು. ಒರೆಸಲಿಲ್ಲ, ಕೈಯಲ್ಲೇ ಹಿಡಿದುಕೊಂಡರು.

"ಮಕ್ಕಳಿಗೆ," ಎಂದರು.

"ಹೌದೌದು, ಮಕ್ಕಳು ಈಚೆಗೆ ಕೆಮ್ಮೋದು ಕಮ್ಮಿ ಆಗಿದೆ," ಎಂದಳು ಬೀಬೋ. ಚಹಾ ಕುಡಿಸದೆ ಬಿಡಲಿಲ್ಲ. ನಾವು ಅದೇ ಗೋಡೆಯ ಎದುರು ಕೂತು ಕುಡಿದೆವು.

ಅದು ಪ್ರಾರ್ಥನೆಯಲ್ಲ, ನೋಟಿಸು ಎಂದು ಗುಂಪಿಗೆ ನಾನು ಧ್ವನಿ ಕಳುಹಿಸಿ ಹೇಳಬಹುದಿತ್ತು. ಮಾಲಿಮಾ ಬೇಡವೆಂದರು. ಹೆಂಗಸರಿಗೆ ನಾಚಿಕೆಯಾಗುತ್ತದೆ, ತರಗತಿಯಂತೂ ಬರುವುದಿಲ್ಲ ಎಂದರು. ಈಗ ಶಾಲೆಯ ನೋಟಿಸು ಬಂದರೆ ಹೀಲಾ ಫೋಟೋ ತರುತ್ತಾಳೆ, ಮಾಲಿಮಾ ಜರ್ಮನ್ ನೋಡಿಕೊಂಡು ಬಾಯಲ್ಲೇ ಪಖ್ತೋದಲ್ಲಿ ಹೇಳುತ್ತಾರೆ, ನಾನು ಅದನ್ನು ಫೋನಿಗೆ ತುಂಬಿ ಕಳುಹಿಸುತ್ತೇನೆ. ಎಲ್ಲರಿಗೂ ತಿಳಿಯುತ್ತದೆ. ನನ್ನ ಬೆಲೆಚೀಟಿಗಳಲ್ಲಿ ತಪ್ಪುಗಳು ಹಾಗೇ ಉಳಿದಿವೆ. ಕೆಲವನ್ನು ಬೇಕೆಂದೇ ತಪ್ಪು ಬರೆದು ಇಟ್ಟು ನೋಡಿದೆ. ಅವರು ರೊಟ್ಟಿ ತೆಗೆದುಕೊಂಡು ಹೋಗಿಬಿಡುತ್ತಾರೆ.

ಬೀಬೋ ಎಲ್ಲರಿಗೂ ಹೇಳಿರಬೇಕು. ಹೆಂಗಸರು ಅಂಗಡಿಗೆ ಬಂದು, ಅಂಥದ್ದೇ ಇನ್ನೊಂದು ಬರೆಸಿಕೊಡು ಎಂದು ನನ್ನ ಪ್ರಾಣ ತಿಂದರು. ನಾನು ಗದರಿಸಿ ಕಳುಹಿಸುತ್ತಿದ್ದೆ. ಒಂದು ದಿನ ಮಾಲಿಮಾ ಅದನ್ನು ಕೇಳಿಸಿಕೊಂಡರು. ನೇರ ಮನೆಗೆ ಹೋಗಿ ಲೇಖನಿ, ಶಾಯಿ ತಂದು ಗಲ್ಲಾದ ಪಕ್ಕದಲ್ಲಿ ಕೂತರು. ನಿಜವಾದ ಪ್ರಾರ್ಥನೆಯನ್ನೇ ಬರೆಯತೊಡಗಿದರು, ಅರಬ್ಬಿಯಲ್ಲಿ. ಕೈ ಎಲ್ಲೂ ತಡೆಯದೆ ಓಡುತ್ತಿತ್ತು. ಈಗ ಪ್ರತಿ ವಾರ ಬರೆಯುತ್ತಾರೆ, ಹೆಂಗಸರು ಮುತ್ತಿಟ್ಟು ಕೊಂಡೊಯ್ಯುತ್ತಾರೆ. ಚೆಂದವೇ ಇರುತ್ತದೆ, ಇಲ್ಲವೆನ್ನುವುದಿಲ್ಲ. ಆದರೆ ಅರಬ್ಬಿಗೆ ನಮ್ಮ ಅಕ್ಷರದ ಆ ಸುತ್ತುಗಳು ಬೇಕಿಲ್ಲ.