ಬೆರಳು ಸವೆದಿದೆ ಎಂದೆ

ವಿಜಯನಗರದಲ್ಲಿ ನಾನು ಮೊಬೈಲ್ ಅಂಗಡಿ ನಡೆಸುತ್ತಿದ್ದಾಗ ಒಂದು ಕೆಟ್ಟ ರೂಢಿ ಇತ್ತು. ಫೋನ್ ಕೊಂಡವರಿಗೆಲ್ಲ ಹೊಸ ಇಮೇಲ್ ಖಾತೆ ತೆರೆದುಬಿಡುವುದು. ಹಳೆಯದರ ಪಾಸ್‌ವರ್ಡ್ ಏನೆಂದು ಗಿರಾಕಿಯ ಬಾಯಿ ಬಿಡಿಸುವ ತಾಳ್ಮೆ ನನಗಿರಲಿಲ್ಲ.

ಬ್ಯಾಡರಹಳ್ಳಿಯಿಂದ ಒಬ್ಬಾಕೆ ಬರುತ್ತಿದ್ದಳು. ಗದಗದ ಕಡೆಯವಳು, ಜೋಳದ ರೊಟ್ಟಿ ತಟ್ಟಿ ಮಾರುತ್ತಿದ್ದಳು. ಅವಳ ತಾಯಿ ಹಾಡಿದ ಬೀಸುವ ಪದಗಳ ರೆಕಾರ್ಡಿಂಗೆಲ್ಲ ಒಂದು ವೆಬ್‌ಸೈಟಿನಲ್ಲಿ, ಅವಳ ಖಾತೆಯಲ್ಲಿದ್ದವು. ತಾಯಿಗೆ ಲಕ್ವ ಹೊಡೆದು ಮಾತು ನಿಂತಿತ್ತು. ಆ ಸೈಟಿನ ಪಾಸ್‌ವರ್ಡನ್ನು ಅವಳು ಕ್ಯಾಲೆಂಡರಿನ ಹಿಂದೆ ಬರೆದಿಟ್ಟಿದ್ದಳು. ನಾನೇ ನಕ್ಕು, ಪಾಸ್‌ವರ್ಡ್ ತೆಗೆಸಿ, ಪಾಸ್‌ಕೀ ಮಾಡಿಕೊಟ್ಟಿದ್ದೆ. ಬೆರಳಿಟ್ಟರೆ ಸಾಕಿತ್ತು.

ಆಮೇಲೆ ಅವಳು ಫೋನ್ ಬದಲಿಸಿದಳು. ಹಳೆಯದನ್ನು ಎಕ್ಸ್‌ಚೇಂಜಿಗೆ ತೆಗೆದುಕೊಂಡು, ಅವಳೆದುರೇ ಪೂರ್ತಿ ಅಳಿಸಿ, ಹೊಸದಕ್ಕೆ ಎಂದಿನಂತೆ ಹೊಸ ಖಾತೆ ಹಾಕಿದೆ. ಮರುದಿನ ಬಂದಳು.

"ಬೆರಳ ಅದ ಐತಿ, ಪದ ಯಾಕ ತೆರಿವಲ್ದರೀ ಅಣ್ಣಾ?"

ಬೆರಳು ಬರೀ ಬಾಗಿಲು ಕಾಯುವವನು. ಫೋನಿನೊಳಗಿನ ಪಾಸ್‌ಕೀ ಎಂಬ ಕೀಲಿಯನ್ನು ಬಳಸಲು ಅಪ್ಪಣೆ ಕೊಡುತ್ತದೆ, ಅಷ್ಟೇ. ಪಾಸ್‌ವರ್ಡಾದರೆ ತಲೆಯಲ್ಲೋ ಕ್ಯಾಲೆಂಡರಿನಲ್ಲೋ ಇರುತ್ತದೆ, ಯಾವ ಫೋನಿನಲ್ಲಾದರೂ ಒತ್ತಬಹುದು. ಈ ಕೀಲಿಯನ್ನು ಬರೆದಿಡಲು ಬರುವುದಿಲ್ಲ. ಅವಳದು ಹಳೆಯ ಇಮೇಲ್ ಖಾತೆಯ ಜೊತೆ ಉಳಿದುಹೋಗಿತ್ತು. ಆ ಖಾತೆಗೆ ಹೋಗಿದ್ದರೆ ಕೀಲಿಯೂ ಬರುತ್ತಿತ್ತು. ಹಳೆಯ ಫೋನ್ ಕೊಂಡಾಗ ಆ ಖಾತೆಯನ್ನೂ ತೆರೆದವನು ನಾನೇ; ಅದರ ಪಾಸ್‌ವರ್ಡ್ ಅವಸರದಲ್ಲಿ ಏನೋ ಹಾಕಿದ್ದು, ಮರೆತಿದ್ದೆ. ಕೋಡ್ ಬರಲೆಂದು ಕೊಟ್ಟ ನಂಬರೂ ಅಂಗಡಿಯದೇ. ಆ ಸಿಮ್ ಬಂದ್ ಆಗಿ ವರ್ಷ ಕಳೆದಿತ್ತು. ಸೈಟಿನವರು ಕಳಿಸುವ ಲಿಂಕೂ ಅದೇ ಹಳೆಯ ಇಮೇಲಿಗೆ ಹೋಗುತ್ತಿತ್ತು.

ಕೌಂಟರಿನಲ್ಲಿ ಇನ್ನೂ ಮೂವರು ಗಿರಾಕಿಗಳು ನಿಂತಿದ್ದರು. ನನ್ನ ತಪ್ಪೆಂದು ಒಪ್ಪಿಕೊಂಡರೆ ಅಂಗಡಿಯ ಹೆಸರು ಕೆಡುತ್ತದೆಂದು ಹೆದರಿದೆ. ಅವಳ ಬೆರಳನ್ನು ಹಿಡಿದು ತಿರುಗಿಸಿ ನೋಡಿದೆ.

"ಬೆರಳು ಸವೆದಿದೆ ಅಕ್ಕ. ಬಿಸಿ ಹಂಚು ಮುಟ್ಟಿ ಮುಟ್ಟಿ ಗೆರೆನೇ ಇಲ್ಲ. ಸೈಟು ಹೆಂಗೆ ಗುರುತು ಹಿಡಿಯತ್ತೆ ಹೇಳಿ?"

ಅವಳು ನಂಬಿದಳು. ಸೆರಗಿನಲ್ಲಿ ಬೆರಳು ಮುಚ್ಚಿಕೊಂಡು ಹೋದಳು.

ಎಂಟು ದಿನ ಬಿಟ್ಟು ಮತ್ತೆ ಬಂದಳು. ರೊಟ್ಟಿ ತಟ್ಟುವುದನ್ನೇ ನಿಲ್ಲಿಸಿದ್ದಳಂತೆ. ದಿನಾ ಕೊಬ್ಬರಿ ಎಣ್ಣೆ ಹಚ್ಚಿದ ಬೆರಳು ನುಣ್ಣಗಾಗಿತ್ತು.

"ಈಗ ನೋಡ್ರಿ ಅಣ್ಣಾ. ಅವ್ವಗ ಆಕೀ ದನೀನ ಕೇಳಸಬೇಕ್ರಿ. ಭಾಳ ದಿನ ಇರಂಗಿಲ್ಲಂತಾರ."

ಬೆರಳಿಟ್ಟಳು. ಹೊಸ ಫೋನಿನ ಲಾಕ್ ಮೊದಲ ಸಲಕ್ಕೇ ತೆರೆಯಿತು. ಬೆರಳಿಗೆ ಏನೂ ಆಗಿಲ್ಲವೆಂದು ಅವಳಿಗೆ ಅಷ್ಟರಲ್ಲೇ ಗೊತ್ತಾಗಬೇಕಿತ್ತು. ಸೈಟಿಗೆ ಹೋದಾಗ, ಈ ಫೋನಿನಲ್ಲಿ ಪಾಸ್‌ಕೀ ಇಲ್ಲ ಎಂದು ಬಂತು. ಅವಳಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ನನ್ನನ್ನು ನೋಡದೆ ಬೆರಳನ್ನೇ ನೋಡಿದಳು.

"ಇನ್ನೂ ಎಂಟು ದಿನ ರೊಟ್ಟಿ ಬಿಡ್ಲೇನ್ರಿ?"

"ಬಿಡಿ" ಎಂದೆ.