ಬೋಳುತಲೆಯಲ್ಲಿ ಮಾಡಿದ ಸಲಾಮು

ಮಾಮಲೇದಾರರಿಗೂ ಮೇಲಿನ ಅಧಿಕಾರಿಯಾದ ಪ್ರಾಂತ ಸಾಹೇಬರ ಮುಕ್ಕಾಂ ಮೂಡಲಗಿಗೆ ಬಂದಿದೆಯೆಂದು ತಿಳಿದ ದಿನವೇ ನಾನು ಅರ್ಜಿ ಬರೆಸಿದೆ. ಕಲ್ಲೋಳಿಯ ನಮ್ಮ ಹೊಲಕ್ಕಿದ್ದ ಒಂದೇ ಗಾಡಿದಾರಿಯನ್ನು ಮೇಲಿನ ಹೊಲದವನು ಉತ್ತು ಜೋಳ ಬಿತ್ತಿಬಿಟ್ಟಿದ್ದ. ಕಡಿಯಲು ಬಂದ ಕಬ್ಬು ಒಳಗೆ, ಗಾಣ ಹೊರಗೆ. ಇನ್ನೊಂದಿಷ್ಟು ದಿನ ಹೋದರೆ ಕಬ್ಬು ನಿಂತಲ್ಲೇ ಒಣಗುತ್ತಿತ್ತು.

ದೊಡ್ಡವರ ಮುಂದೆ ನಿಲ್ಲುವ ರೀತಿಯನ್ನು ನಮ್ಮ ಕಾಕಾ ದಾರಿಯುದ್ದಕ್ಕೂ ಹೇಳಿಕೊಟ್ಟ. ಕಾಲ್ಮರಿ ಡೇರೆಯ ಹೊರಗೇ ಬಿಡಬೇಕು. ಹೆಗಲ ಮೇಲಿನ ಶಲ್ಯ ನಡುವಿಗೆ ಬರಬೇಕು. ಅರ್ಜಿ ಎರಡೂ ಅಂಗೈ ಮೇಲಿರಬೇಕು.

“ಮಾಮಲೇದಾರರಿಗೆ ರಾವಸಾಹೇಬ ಅನ್ನು, ಪ್ರಾಂತರಿಗೆ ಹುಜೂರ ಅನ್ನು. ಅಳಬ್ಯಾಡ, ಒದರಬ್ಯಾಡ. ನಮ್ಮ ದಾರಿ ನಾವು ಕೇಳಾಕ ಹೊಂಟೇವಿ, ಭಿಕ್ಷಾ ಅಲ್ಲ.”

ಆದರೆ ಅರ್ಜಿ ಬರೆದವನು ಇನ್ನೊಂದು ಗುಟ್ಟು ಹೇಳಿದ್ದ: “ಸಾಹೇಬ ಬಿಳಿಯಾಂವ. ಅವರ ಮಂದಿ ದೊಡ್ಡವರ ಮುಂದ ಟೊಪಗಿ ತಗೀತಾರ. ನೀನೂ ರುಮಾಲ ತಗದ ನಿಂದರು, ಖುಷಿ ಆಗ್ತಾನ.” ಅವನ ಅಕ್ಷರ ದುಂಡಗಿತ್ತು; ಬುದ್ಧಿಯೂ ಹಾಗೇ ಇದ್ದೀತೆಂದು ನಂಬಿದೆ.

ಕಾಕಾ ಎತ್ತುಗಳ ಹತ್ತಿರ ಉಳಿದ. ಡೇರೆಯೊಳಗೆ ಸಾಹೇಬರು ಮೇಜಿನ ಹಿಂದೆ, ಬಾಜೂಕ್ಕೆ ಮಾಮಲೇದಾರರು. ನನಗಿಂತ ಮುಂದಿದ್ದವರು ಅರ್ಜಿಯನ್ನು ಕಾರಕೂನನ ಕಾಗದದ ಕಟ್ಟಿನೊಳಗೆ ಸೇರಿಸಿ, ಸಲಾಮು ಮಾಡಿ, ಸಾಹೇಬರು ತಲೆಯೆತ್ತುವುದರೊಳಗೆ ಹೊರಬೀಳುತ್ತಿದ್ದರು. ನನ್ನ ಪಾಳಿ ಬಂತು. ರುಮಾಲು ತೆಗೆದು ಕಂಕುಳಲ್ಲಿಟ್ಟೆ. ಬಗ್ಗಿ, “ಹುಜೂರ” ಎಂದೆ.

ಮಾಮಲೇದಾರರು ಹೌಹಾರಿದರು. “ಏ ತಮ್ಮಾ, ಮನ್ಯಾಗ ಯಾರ ತೀರಿಕೊಂಡಾರೋ? ಬೋಳತಲಿಲೆ ಸಾಹೇಬರ ಮುಂದ ಬರ್ತಿ!”

ನಮ್ಮ ಕಡೆ ಬರಿದಲೆಯೆಂದರೆ ಸೂತಕ. ಹಿಂದಿದ್ದವರೆಲ್ಲ ನಕ್ಕರು. ನಾನು ಮಾತ್ರ ಅಳುಕಲಿಲ್ಲ.

“ಯಾರೂ ಸತ್ತಿಲ್ರಿ ರಾವಸಾಹೇಬ್ರ. ಹುಜೂರರ ಮಂದಿ ಹಿಂಗ ಮರ್ಯಾದಿ ಕೊಡ್ತಾರಂತ ಕೇಳಿದ್ದೆ. ಅದಕ್ಕ ತಗದೇನ್ರಿ.”

ಸಾಹೇಬರು ಪುಸ್ತಕದಿಂದ ಕನ್ನಡ ಕಲಿತವರು. ನಗುತ್ತ, “ಟೊಪ್ಪಿಗೆ ನಾನು ತೆಗೆಯುತ್ತೇನೆ. ನೀವು ರುಮಾಲು ಸುತ್ತಿರಿ,” ಎಂದರು.

ರುಮಾಲು ಸುತ್ತಲು ಎರಡೂ ಕೈ ಬೇಕು. ಅರ್ಜಿಯನ್ನು ನೆಲಕ್ಕಿಡುವಂತಿಲ್ಲ. ನಾನು ಅತ್ತಿತ್ತ ನೋಡುವಷ್ಟರಲ್ಲಿ ಸಾಹೇಬರೇ ಕೈ ಚಾಚಿ ತೆಗೆದುಕೊಂಡು ಓದತೊಡಗಿದರು. ಮೊದಮೊದಲು ಅವಸರದಿಂದ ಸುತ್ತುತ್ತಿದ್ದೆ. ಅವರ ಕಣ್ಣು ಕಾಗದದ ಮೇಲಿದ್ದದ್ದು ಕಂಡು ಒಂದೊಂದೇ ಸುತ್ತನ್ನು ಸಾವಕಾಶ ಹಾಕಿದೆ.

“ಈ ದಾರಿ ಹಳೆಯದೇ?”

“ನಮ್ಮ ಅಜ್ಜನ ಕಾಲದ್ದು ಹುಜೂರ. ಊರ ನಕಾಶೆದಾಗೂ ಐತ್ರಿ.”

ಸಾಹೇಬರು ಮಾಮಲೇದಾರರ ಕಡೆ ತಿರುಗಿ, “ನಾಳೆ ನೀವೇ ಸ್ಥಳ ನೋಡಿ,” ಎಂದರು.

ಬೆನ್ನು ತೋರಿಸದೆ ಹಿಂದೆ ಸರಿಯುತ್ತ ಹೊರಬಂದೆ. ನಡೆದದ್ದನ್ನು ಕೇಳಿ ಕಾಕಾ ತಲೆ ಚಚ್ಚಿಕೊಂಡ. “ಹುಜೂರ ಅಂತಾದ್ರೂ ಅಂದಿಯಿಲ್ಲೋ?”

“ಅಂದೆ.”

“ಮತ್ತ ನಡಿ, ಕುಡಗೋಲ ಮಸಿಯೂನು.”

ಮರುದಿನ ಮಾಮಲೇದಾರರು ನಕಾಶೆ ಹಿಡಿದು ಬದುವಿನ ಮೇಲೆ ನಿಂತು ದಾರಿ ಬಿಡಿಸಿದರು. ವಾರ ತುಂಬುವುದರೊಳಗೆ ನಮ್ಮ ಕಬ್ಬಿನ ಗಾಡಿ ಗಾಣ ಮುಟ್ಟಿತು.